ಮೆಹಂದಿ ಬುಕಿಂಗ್ ಕ್ಯಾಲೆಂಡರಿನ ಕೆಳಗೆ ಏನು ಬರೆಯಬೇಕು: ಸ್ಲಾಟ್, ಪ್ರಯಾಣ ವೆಚ್ಚ ಮತ್ತು ಮುಂಗಡದ ಒಕ್ಕಣೆ

ಎರಡು ವರ್ಷದ ಹಿಂದೆ, ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮದುಮಗಳ ಕೈಕಾಲುಗಳಿಗೆ ಮೆಹಂದಿ ಹಚ್ಚಿ ಮುಗಿಸಿದಾಗ ರಾತ್ರಿ ಹತ್ತು ಗಂಟೆಯಾಗಿತ್ತು. ಬಾಡಿಗೆ ಕಾರಿನ ಚಾಲಕ ಅಂಗಳದಲ್ಲಿ ಕಾಯುತ್ತಿದ್ದ. ಮದುಮಗಳ ಕಾಕಾ ಕೆಲಸದ ಹಣವನ್ನು ಎಣಿಸಿ ಕೊಟ್ಟು, ಕಾರಿನ ಮಾತು ಬಂದೊಡನೆ, "ಹೆಣ್ಮಕ್ಕಳಿಗಿ ಬಸ್ ಪುಕ್ಕಟ ಅದ ಅಲ್ಲವ್ವಾ, ಈ ಗಾಡಿ ರೊಕ್ಕ ಯಾತರದು?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ ನನ್ನ ಬುಕಿಂಗ್ ಕ್ಯಾಲೆಂಡರಿನ ಪೋಸ್ಟಿನ ಕೆಳಗೆ "ಪ್ರಯಾಣ ವೆಚ್ಚ ಪ್ರತ್ಯೇಕ" ಎಂಬ ಮೂರು ಪದಗಳಷ್ಟೇ ಇದ್ದವು. ಎಷ್ಟು, ಎಲ್ಲಿಂದ, ಯಾವ ವಾಹನಕ್ಕೆ ಎಂಬುದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಆ ರಾತ್ರಿ ಕಾರಿನ ಬಾಡಿಗೆಯ ಅರ್ಧವನ್ನು ನನ್ನ ಸಂಪಾದನೆಯಿಂದಲೇ ತೆತ್ತು ಕಲಬುರಗಿಗೆ ಮರಳಿದೆ.

ಬುಕಿಂಗ್ ಕ್ಯಾಲೆಂಡರಿನ ಚಿತ್ರವನ್ನು ಅಂದವಾಗಿ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಜಗಳ ಹುಟ್ಟುವುದು ಚಿತ್ರದಿಂದಲ್ಲ, ಅದರ ಕೆಳಗಿನ ಬರಹದಿಂದ, ಅಥವಾ ಆ ಬರಹ ಇಲ್ಲದಿರುವುದರಿಂದ. ಆ ಬರಹವನ್ನು ಹೇಗೆ ಕಟ್ಟಬೇಕೆಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಇಲ್ಲಿರುವ ದರಗಳು ಉದಾಹರಣೆಗೆ ತೆಗೆದುಕೊಂಡವು. ನಿಮ್ಮ ಕೈಕೆಲಸದ ಬೆಲೆಯನ್ನು ನೀವೇ ನಿರ್ಧರಿಸಬೇಕು.

ಚಿತ್ರದಲ್ಲಿ ಏನು, ಬರಹದಲ್ಲಿ ಏನು

ಇನ್‌ಸ್ಟಾಗ್ರಾಂನಲ್ಲಿ ಒಮ್ಮೆ ಹಾಕಿದ ಪೋಸ್ಟಿನ ಚಿತ್ರವನ್ನು ಬದಲಿಸಿ ಅದೇ ಜಾಗದಲ್ಲಿ ಬೇರೆ ಚಿತ್ರವನ್ನು ಇಡಲು ಬರುವುದಿಲ್ಲ, ಆದರೆ ಅದರ ಕೆಳಗಿನ ಬರಹವನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಹೀಗಾಗಿ ದಿನದಿನಕ್ಕೆ ಬದಲಾಗುವ ಸಂಗತಿ, ಅಂದರೆ ಯಾವ ದಿನ ಖಾಲಿ, ಯಾವ ದಿನ ತುಂಬಿದೆ ಎಂಬುದು ಬರಹದಲ್ಲಿರಬೇಕು. ತಿಂಗಳಿಡೀ ಬದಲಾಗದ ಸಂಗತಿ ಚಿತ್ರದಲ್ಲಿರಬೇಕು. ನಾವು ಹೆಚ್ಚಾಗಿ ಮಾಡುವುದು ಇದಕ್ಕೆ ವಿರುದ್ಧ. ತುಂಬಿದ ದಿನಗಳಿಗೆ ಚಿತ್ರದ ಮೇಲೆಯೇ ಕೆಂಪು ಗುರುತು ಹಾಕಿರುತ್ತೇವೆ, ಎರಡು ದಿನದಲ್ಲಿ ಇನ್ನೊಂದು ದಿನ ತುಂಬುತ್ತದೆ, ಚಿತ್ರ ಸುಳ್ಳಾಗುತ್ತದೆ, ಆಮೇಲೆ "ಅಕ್ಕಾ, 27 ಖಾಲಿ ಅಂತ ತೋರಿಸ್ತದಲ್ಲ?" ಎಂಬ ಸಂದೇಶಗಳಿಗೆ ಉತ್ತರ ಕೊಡುತ್ತ ಕೂರಬೇಕಾಗುತ್ತದೆ. ಚಿತ್ರದಲ್ಲಿ ತಿಂಗಳು, ಸ್ಲಾಟಿನ ಗಂಟೆಗಳು ಮತ್ತು "ಇಂದಿನ ಸ್ಥಿತಿಗೆ ಕೆಳಗಿನ ಬರಹ ನೋಡಿ" ಎಂಬ ಸಾಲು ಇದ್ದರೆ ಸಾಕು. ಬರಹದ ಆರಂಭದಲ್ಲಿ ಅದನ್ನು ಕೊನೆಯ ಸಲ ತಿದ್ದಿದ ದಿನಾಂಕವನ್ನು ತಪ್ಪದೆ ಹಾಕಿ.

ಆ ಬರಹಕ್ಕೆ 2,200 ಅಕ್ಷರಗಳ ಮಿತಿಯಿದೆ, ಮತ್ತು ಓದುವವರು ಬೆರಳಿಟ್ಟು ತೆರೆಯುವ ಮೊದಲು ಕಾಣಿಸುವುದು ಸುಮಾರು 125 ಅಕ್ಷರ ಮಾತ್ರ. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಲೆಕ್ಕವನ್ನು ತಿಳಿದಿರಬೇಕು. ಯಂತ್ರವು ಗುಣಿತ, ಒತ್ತುಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ನಮ್ಮ ಕಣ್ಣಿಗೆ ಒಂದೇ ಆಗಿರುವ "ಸ್ತ್ರೀ" ಅದಕ್ಕೆ ಆರು ಅಕ್ಷರ. ಆದ್ದರಿಂದ ಮೊದಲ ನೋಟಕ್ಕೆ ಸಿಗುವುದು ಹದಿನೈದಿಪ್ಪತ್ತು ಪದಗಳಷ್ಟೇ. ಆ ಜಾಗದಲ್ಲಿ ಶುಭಾಶಯ, ಹೂವಿನ ಚಿತ್ರ, "ಮದುಮಕ್ಕಳೇ, ನಿಮಗೊಂದು ಸಿಹಿಸುದ್ದಿ" ಮುಂತಾದವನ್ನು ಹಾಕದೆ ಊರು, ತಿಂಗಳು, ಖಾಲಿಯಿರುವ ದಿನಗಳನ್ನು ಹಾಕಿ.

ಸ್ಲಾಟ್ ಎಂದರೆ ದಿನಾಂಕವಲ್ಲ, ಗಂಟೆ

"27 ಖಾಲಿ ಇದೆ" ಎಂಬ ಬರಹಕ್ಕೆ ಓದುವವರು ತಮಗೆ ಬೇಕಾದ ಅರ್ಥ ಕೊಟ್ಟುಕೊಳ್ಳುತ್ತಾರೆ. ಒಬ್ಬರು ಬೆಳಿಗ್ಗೆ ಹತ್ತಕ್ಕೆ ಬರುತ್ತೀರೆಂದುಕೊಂಡಿರುತ್ತಾರೆ, ಇನ್ನೊಬ್ಬರು ರಾತ್ರಿ ಹಾಡು, ಕುಣಿತದ ನಡುವೆ ಹಚ್ಚುತ್ತೀರೆಂದುಕೊಂಡಿರುತ್ತಾರೆ. ಅದಕ್ಕಾಗಿ ಮೊದಲು ನಿಮ್ಮ ಕೈಯ ವೇಗವನ್ನು ಗಡಿಯಾರ ಇಟ್ಟು ಅಳೆಯಿರಿ. ನನ್ನ ಲೆಕ್ಕದಲ್ಲಿ ಮದುಮಗಳ ಎರಡೂ ಕೈಗಳಿಗೆ, ಮೊಣಕೈವರೆಗೆ, ಹಿಂದೆ ಮುಂದೆ ತುಂಬಿ ಹಚ್ಚಲು ನಾಲ್ಕು ಗಂಟೆ ಹಿಡಿಯುತ್ತದೆ, ಕಾಲುಗಳಿಗೆ ಒಂದೂವರೆ ಗಂಟೆ, ನಡುವೆ ಮದುಮಗಳು ಏಳಲು, ಉಣ್ಣಲು ಅರ್ಧ ಗಂಟೆ. ಅಲ್ಲಿಗೆ ಆರು ಗಂಟೆಯಾಯಿತು. ಬೀಗರು, ಬಂಧುಗಳಿಗೆ ಹಚ್ಚುವ ಸರಳ ವಿನ್ಯಾಸಕ್ಕೆ ಕೈಯ ಒಂದು ಬದಿಗೆ ಏಳೆಂಟು ನಿಮಿಷ.

ಈ ಲೆಕ್ಕ ಬಂದ ಮೇಲೆ ದಿನವನ್ನು ಎರಡೇ ಸ್ಲಾಟುಗಳಾಗಿ ಒಡೆಯುವುದು ಒಳ್ಳೆಯದು: ಬೆಳಿಗ್ಗೆ 8.30ರಿಂದ 12.30, ಮಧ್ಯಾಹ್ನ 3ರಿಂದ ರಾತ್ರಿ 9. ಬೆಳಗಿನ ನಾಲ್ಕು ಗಂಟೆ ನಿಶ್ಚಿತಾರ್ಥ, ಕುಬಸದ ಕಾರ್ಯ, ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳ ಗುಂಪು ಇಂಥವುಗಳಿಗೆ ಸಾಕಾಗುತ್ತದೆ. ಮದುಮಗಳ ಕೆಲಸವನ್ನು ಮಧ್ಯಾಹ್ನದ ಸ್ಲಾಟಿಗೆ ಮಾತ್ರ ತೆಗೆದುಕೊಳ್ಳುತ್ತೇನೆಂದು ಬರೆದುಬಿಡಿ. ಅದಕ್ಕೆ ಕಾರಣ ಮೆಹಂದಿಯ ಗುಣದಲ್ಲೇ ಇದೆ. ಹಚ್ಚಿದ ಮೆಹಂದಿ ಕೈಮೇಲೆ ಆರರಿಂದ ಎಂಟು ಗಂಟೆ ಇರಬೇಕು. ಸಂಜೆ ಹಚ್ಚಿದರೆ ಮದುಮಗಳು ಹಾಗೆಯೇ ಮಲಗಿ ಬೆಳಿಗ್ಗೆ ಉದುರಿಸುತ್ತಾಳೆ. ಉದುರಿಸಿದಾಗ ಬಣ್ಣ ಕಿತ್ತಳೆಯಾಗಿರುತ್ತದೆ, ಒಂದೆರಡು ದಿನಗಳಲ್ಲಿ ಕಡುಗೆಂಪು ಕಂದಾಗುತ್ತದೆ. ಈ ಮಾಗುವ ಹೊತ್ತನ್ನು ತಿಳಿಯದ ಮನೆಯವರು ಲಗ್ನದ ಹಿಂದಿನ ರಾತ್ರಿಯ ಸ್ಲಾಟ್ ಕೇಳುತ್ತಾರೆ, ಫೋಟೋದಲ್ಲಿ ಬಣ್ಣ ಕಿತ್ತಳೆಯಾಗಿ ಬಂದರೆ ದೂರು ನಮ್ಮ ಮೇಲೆ ಬರುತ್ತದೆ. ಹಾಗಾಗಿ ಸ್ಲಾಟಿನ ಪಕ್ಕದಲ್ಲಿಯೇ "ಲಗ್ನಕ್ಕೆ ಎರಡು ದಿನ ಮೊದಲಿನ ಸ್ಲಾಟ್ ಹಿಡಿಯಿರಿ, ಸಂದೇಶದಲ್ಲಿ ಲಗ್ನದ ದಿನ ಮತ್ತು ಮೆಹಂದಿಯ ದಿನ ಎರಡನ್ನೂ ತಿಳಿಸಿ" ಎಂದು ಬರೆಯಬೇಕು. ಈ ಕೊನೆಯ ಮಾತು ಚಿಕ್ಕದಾಗಿ ಕಂಡರೂ, "29ನೇ ತಾರೀಖಿಗೆ ಬುಕ್ ಮಾಡ್ರಿ" ಎಂದಾಗ ಆ 29 ಲಗ್ನದ್ದೋ ಮೆಹಂದಿಯದ್ದೋ ಎಂಬ ಗೊಂದಲವನ್ನು ಇದೊಂದೇ ತಪ್ಪಿಸುತ್ತದೆ.

ಇದರ ಜೊತೆಗೆ ಅರಿಷಿಣದ ಮತ್ತು ಮದುಮಕ್ಕಳಿಗೆ ನೀರೆರೆಯುವ ಸುರಿಗೆಯ ಹೊತ್ತನ್ನೂ ಕೇಳಿ. ಮೆಹಂದಿ ಉದುರಿಸಿದ ಮೇಲೆ ಸುಮಾರು ಒಂದು ದಿನ ಆ ಕೈಗಳಿಗೆ ನೀರು ಹೆಚ್ಚು ಸೋಕಬಾರದು. ಅತ್ತ ಎಣ್ಣೆ ಅರಿಷಿಣ ಬಳಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮೆಹಂದಿ ಹಚ್ಚಿದರೂ ಬಣ್ಣ ಹಿಡಿಯುವುದಿಲ್ಲ. ಶಾಸ್ತ್ರದ ಹೊತ್ತನ್ನು ಬದಲಿಸುವ ಅಧಿಕಾರ ನಮಗಿಲ್ಲವಾದರೂ ಸ್ಲಾಟನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಇನ್ನು ದರದ ಘಟಕ. "ಕೈಗೆ 100" ಎಂದು ಬರೆಯುವವರು ಒಂದು ಕೈಯೋ ಎರಡೋ, ಅಂಗೈ ಮಾತ್ರವೋ ಮುಂಗೈ ಸೇರಿಯೋ ಎಂಬುದನ್ನು ಬಿಟ್ಟಿರುತ್ತಾರೆ. "ಒಂದು ಕೈಯ ಒಂದು ಬದಿಗೆ, ಮಣಿಕಟ್ಟಿನವರೆಗೆ ₹100" ಎಂದು ಬರೆದರೆ ಮತ್ತೆ ಮಾತು ಬೆಳೆಯುವುದಿಲ್ಲ.

ಪ್ರಯಾಣ ವೆಚ್ಚ: ಎಲ್ಲಿಂದ, ಎಷ್ಟು, ಯಾತಕ್ಕೆ

ಪ್ರಯಾಣದ ಬಗ್ಗೆ ಬರೆಯುವಾಗ ಮೊದಲು ಅಳತೆ ಆರಂಭವಾಗುವ ಜಾಗವನ್ನು ಹೆಸರಿಸಬೇಕು. ನಿಮ್ಮ ಮನೆಯಿಂದ ಎಂದು ಬರೆದರೆ ಮನೆ ಎಲ್ಲಿದೆಯೆಂದು ಅವರಿಗೆ ಗೊತ್ತಿರುವುದಿಲ್ಲ, ಒಬ್ಬ ಹೆಣ್ಣುಮಗಳು ತನ್ನ ಮನೆಯ ವಿಳಾಸವನ್ನು ಎಲ್ಲರೂ ನೋಡುವಲ್ಲಿ ಹಾಕುವುದೂ ಸರಿಯಲ್ಲ. ನಾನು ಕಲಬುರಗಿಯ ಕೇಂದ್ರ ಬಸ್ ನಿಲ್ದಾಣವನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದೇನೆ. ಅಲ್ಲಿಂದ ತಮ್ಮ ಊರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಿಕೊಳ್ಳಬಹುದು.

ಎರಡನೆಯದಾಗಿ, ದೂರವನ್ನು ಕಿಲೋಮೀಟರಿಗೆ ಇಷ್ಟು ಎಂದು ಗುಣಿಸುವ ಬದಲು ಪಟ್ಟಿಗಳಾಗಿ ಹಾಕಿ. ಕಿಲೋಮೀಟರ್ ದರ ಬರೆದರೆ ಅದು ಹೋಗುವುದಕ್ಕೋ ಹೋಗಿ ಬರುವುದಕ್ಕೋ ಎಂಬ ಪ್ರಶ್ನೆ ಏಳುತ್ತದೆ, ಚಾಲಕ ಆರು ಗಂಟೆ ಕಾಯುವ ಹಣ ಎಲ್ಲಿ ಸೇರಿತು ಎಂಬುದು ತಿಳಿಯುವುದಿಲ್ಲ. ರಿಂಗ್ ರಸ್ತೆಯ ಒಳಗೆ ಪ್ರಯಾಣ ವೆಚ್ಚವಿಲ್ಲ. ಅಲ್ಲಿಂದಾಚೆ 30 ಕಿಲೋಮೀಟರಿನವರೆಗೆ ಒಂದು ಮೊತ್ತ. 60 ಕಿಲೋಮೀಟರಿನವರೆಗೆ, ಅಂದರೆ ಆಳಂದ, ಜೇವರ್ಗಿ, ಕಮಲಾಪುರದ ಕಡೆಗೆ ಇನ್ನೊಂದು ಮೊತ್ತ. ಅದಕ್ಕೂ ಆಚೆ ಬೀದರ್, ಯಾದಗಿರಿ ಇಂಥಲ್ಲಿಗೆ ಒಂದೇ ದಿನದಲ್ಲಿ ಹೋಗಿ ಮದುಮಗಳ ಕೆಲಸ ಮುಗಿಸಿ ಬರುವುದು ಕಷ್ಟವಾದ್ದರಿಂದ ರಾತ್ರಿ ಉಳಿಯುವ ಏರ್ಪಾಡಿನೊಂದಿಗೆ ಮಾತನಾಡಿ ನಿಗದಿ. ಪ್ರತಿ ಮೊತ್ತದ ಮುಂದೆಯೂ "ಹೋಗಿ ಬರುವುದು, ಕಾಯುವುದು ಸೇರಿ" ಎಂದಿರಲಿ. ಈ ಮೊತ್ತಗಳನ್ನು ಊಹಿಸಿ ಬರೆಯಬೇಡಿ. ನೀವು ಸದಾ ಕರೆಯುವ ಇಬ್ಬರು ಚಾಲಕರನ್ನು "ಮಧ್ಯಾಹ್ನ ಹೊರಟು ರಾತ್ರಿ ಹತ್ತೂವರೆಗೆ ಮರಳಿದರೆ ಏನು ತೆಗೆದುಕೊಳ್ಳುತ್ತೀರಿ" ಎಂದು ಕೇಳಿ, ಹೆಚ್ಚು ಹೇಳಿದವರ ಮೊತ್ತವನ್ನು ಬರೆಯಿರಿ. ಹೆಚ್ಚಿನ ಮೊತ್ತ ಯಾಕೆಂದರೆ, ಲಗ್ನಸರಾಯಿಯಲ್ಲಿ ಕಡಿಮೆ ಹೇಳಿದವರ ಗಾಡಿ ಆ ದಿನ ಸಿಗುವುದೇ ಇಲ್ಲ.

ಈಗ ಬಸ್ಸಿನ ಮಾತಿಗೆ ಬರೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ನಮ್ಮ ಕಡೆ ಓಡುವ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸುಗಳೂ ಇದರಲ್ಲಿ ಸೇರಿವೆ. ಹಗಲಿನ ಚಿಕ್ಕ ಕೆಲಸಕ್ಕೆ ನಾನೂ ಆ ಬಸ್ಸಿನಲ್ಲಿಯೇ ಹೋಗುತ್ತೇನೆ, ಆಗ ಪ್ರಯಾಣ ವೆಚ್ಚ ಕೇಳುವುದು ನ್ಯಾಯವಲ್ಲ. ಆದರೆ ರಾತ್ರಿ ಒಂಬತ್ತರ ಮೇಲೆ ಹಳ್ಳಿಯಿಂದ ಮರಳಲು ಬಸ್ಸನ್ನು ನಂಬುವಂತಿಲ್ಲ. ಕೋನುಗಳ ಪೆಟ್ಟಿಗೆಯ ಪ್ರಶ್ನೆಯೂ ಇದೆ: ತಾಜಾ ಮೆಹಂದಿಯ ಕೋನನ್ನು ಬಿಸಿಲಿನಲ್ಲಿ ತಾಸುಗಟ್ಟಲೆ ಇಟ್ಟರೆ ಅದರ ಬಣ್ಣದ ಶಕ್ತಿ ಕುಗ್ಗುತ್ತದೆ, ಕಲಬುರಗಿಯ ಮೇ ತಿಂಗಳಲ್ಲಿ ಮಂಜುಗಡ್ಡೆ ಇಟ್ಟ ಪೆಟ್ಟಿಗೆಯಿಲ್ಲದೆ ಆಳಂದ ಮುಟ್ಟುವುದೂ ಕಷ್ಟ. ಹಾಗಾಗಿ ಬರಹದಲ್ಲಿ ಬಸ್ಸಿನ ಹೆಸರನ್ನೇ ಎತ್ತಿ ಉತ್ತರ ಕೊಟ್ಟುಬಿಡಿ: "ಬೆಳಗಿನ ಸ್ಲಾಟಿಗೆ ಬಸ್ ಮಾರ್ಗದ ಊರಾದರೆ ಪ್ರಯಾಣ ವೆಚ್ಚವಿಲ್ಲ, ಮಧ್ಯಾಹ್ನದ ಸ್ಲಾಟಿಗೆ ರಾತ್ರಿ ಮರಳಬೇಕಾದ್ದರಿಂದ ಕಾರು ಕಡ್ಡಾಯ." ಈ ಸಾಲನ್ನು ಸೇರಿಸಿದ ಮೇಲೆ ನನಗೆ ಆ ಪ್ರಶ್ನೆ ಬಾಗಿಲಲ್ಲಿ ಬಂದಿಲ್ಲ. ಬಂದರೆ ಬುಕಿಂಗಿಗೂ ಮುಂಚೆಯೇ ಫೋನಿನಲ್ಲಿ ಬರುತ್ತದೆ. "ನಮ್ಮ ಗಾಡಿ ಕಳಿಸ್ತೀವಿ" ಎನ್ನುವವರೂ ಇದ್ದಾರೆ. ಒಪ್ಪಬಹುದು, ಆದರೆ ಮರಳಿ ಬಿಡುವ ಗಂಟೆಯನ್ನೂ ಅವರಿಂದ ಬರೆಸಿಕೊಳ್ಳಿ, ಏಕೆಂದರೆ ಕರೆದೊಯ್ಯಲು ಬಂದ ಗಾಡಿ ರಾತ್ರಿ ಬಿಡುವ ಹೊತ್ತಿಗೆ ಬೀಗರನ್ನು ತರಲು ಹೋಗಿರುತ್ತದೆ.

ಪ್ರಯಾಣದಲ್ಲಿ ಗಾಡಿಯ ಹಣ ಒಂದು ಭಾಗ, ಕಳೆಯುವ ಹೊತ್ತು ಇನ್ನೊಂದು ಭಾಗ. ಆಳಂದದ ಕಡೆ ಹೋಗಿ ಬರಲು ಎರಡೂವರೆ ಗಂಟೆ ಹೋದರೆ, ಆ ಹೊತ್ತಿನಲ್ಲಿ ನಗರದಲ್ಲಿ ಇಪ್ಪತ್ತು ಕೈಬದಿಗಳಿಗೆ ಹಚ್ಚಬಹುದಿತ್ತು. ಕೆಲವರು ಈ ನಷ್ಟವನ್ನು ಪ್ರಯಾಣ ವೆಚ್ಚದೊಳಗೆ ಸೇರಿಸಿ, ಕಾರಿಗೆ ₹2,200 ಆಗುವಲ್ಲಿ ₹3,500 ಬರೆಯುತ್ತಾರೆ. ಇದು ಬೇಡ. ಕಾರಿನ ಬಾಡಿಗೆ ಎಷ್ಟೆಂಬುದು ಆ ಊರಿನವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಒಂದು ಅಂಕಿ ಸುಳ್ಳೆನಿಸಿದರೆ ಉಳಿದ ಅಂಕಿಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಅದರ ಬದಲು ಊರ ಹೊರಗಿನ ಕೆಲಸಕ್ಕೆ ಕನಿಷ್ಠ ಮೊತ್ತವನ್ನು ಹಾಕಿ: "ನಗರದ ಹೊರಗೆ ಮಧ್ಯಾಹ್ನದ ಸ್ಲಾಟಿಗೆ ಕೆಲಸದ ಮೊತ್ತ ಕನಿಷ್ಠ ₹5,000." ಕೆಲಸ ಚಿಕ್ಕದಾಗಿದ್ದರೆ ಅವರೇ ಹತ್ತಿರದ ಊರಿನ ಕಲಾವಿದೆಯನ್ನು ನೋಡಿಕೊಳ್ಳುತ್ತಾರೆ.

ಮುಂಗಡ

ಹಳೆಯ ಮಾತಿನಲ್ಲಿ ಇದಕ್ಕೆ ಸಂಚಕಾರ ಎನ್ನುತ್ತಾರೆ. ಅದೇ ಪದ "ಪ್ರಾಣಕ್ಕೆ ಸಂಚಕಾರ" ಎಂಬಲ್ಲಿಯೂ ಇದೆ. ಷರತ್ತು ಬರೆಯದೆ ಮುಂಗಡ ತೆಗೆದುಕೊಂಡವರಿಗೆ ಈ ಎರಡರ ನೆಂಟಸ್ತನ ಬೇಗ ತಿಳಿಯುತ್ತದೆ. ಬರಹದಲ್ಲಿ ನಾಲ್ಕು ಸಂಗತಿಗಳು ಬೇಕು: ಮೊತ್ತ, ಅದನ್ನು ಕೊಡುವ ಗಡುವು, ಉಳಿದ ಹಣವನ್ನು ಕೊಡುವ ಗಳಿಗೆ, ಕೆಲಸ ನಿಂತರೆ ಅಥವಾ ಮುಂದೆ ಹೋದರೆ ಏನಾಗುತ್ತದೆ ಎಂಬುದು.

ಮೊತ್ತವನ್ನು ಕೆಲಸದ ಹಣದ ಮೇಲೆ ಶೇಕಡಾ 30 ಎಂದಿಡುವುದು ನನಗೆ ಸರಿ ಕಂಡಿದೆ. ಪ್ರಯಾಣ ವೆಚ್ಚವನ್ನು ಇದರಲ್ಲಿ ಬೆರೆಸಬಾರದು, ಏಕೆಂದರೆ ಅದು ನಮ್ಮ ಸಂಪಾದನೆಯಲ್ಲ, ಚಾಲಕನ ಹಣ. ಅದನ್ನು ಹಿಂದಿನ ದಿನ ಪಡೆದು ಗಾಡಿ ಖಚಿತಪಡಿಸಬೇಕು. ಮುಂಗಡವನ್ನು ಅರ್ಧಕ್ಕಿಂತ ಹೆಚ್ಚು ಕೇಳಿ "ಯಾವ ಕಾರಣಕ್ಕೂ ಮರಳಿಸುವುದಿಲ್ಲ" ಎಂದು ಬರೆಯುವವರಿದ್ದಾರೆ. ಅಂಥ ಸಾಲು ಗಟ್ಟಿಯಾಗಿ ಕೇಳಿಸುತ್ತದೆಯೇ ಹೊರತು ಗಟ್ಟಿಯಾಗಿ ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 74ನೇ ಕಲಮಿನ ಪ್ರಕಾರ, ಮಾತು ಮುರಿದಾಗ ಕೊಡಬೇಕೆಂದು ಕರಾರಿನಲ್ಲಿ ಒಂದು ಮೊತ್ತವನ್ನು ಮೊದಲೇ ಬರೆದಿದ್ದರೂ, ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರವಷ್ಟೇ ಸಿಗುತ್ತದೆ. ಕೈತಪ್ಪಿದ ಸ್ಲಾಟಿನ ನಷ್ಟಕ್ಕೆ ಹೊಂದುವ ಮುಂಗಡವನ್ನು ಕೇಳುವವರಿಗೆ ಅದನ್ನು ಸಮರ್ಥಿಸಿಕೊಳ್ಳಲು ಕಷ್ಟವಾಗುವುದಿಲ್ಲ.

ಗಡುವಿನ ವಿಷಯದಲ್ಲಿ "ಮುಂಗಡ ಬಂದ ಮೇಲೆ ದಿನ ಖಚಿತ" ಎಂಬುದರ ಜೊತೆಗೆ "ಕೇಳಿದ ದಿನವನ್ನು 24 ಗಂಟೆ ಮಾತ್ರ ಹಿಡಿದಿಡುತ್ತೇವೆ" ಎಂಬುದೂ ಬೇಕು. "ಮನ್ಯಾಗ ಕೇಳಿ ಹೇಳ್ತೀನಿ" ಎಂದವರಿಗಾಗಿ ವಾರಗಟ್ಟಲೆ ಕಾದು ಬೇರೆಯವರನ್ನು ಕಳೆದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಹಣ ಪಡೆಯುವ ಯುಪಿಐ ವಿಳಾಸವನ್ನಾಗಲಿ ಸಂಕೇತದ ಚಿತ್ರವನ್ನಾಗಲಿ ಪೋಸ್ಟಿನ ಬರಹದಲ್ಲಿ ಹಾಕಬೇಡಿ. ಹಾಕಿದರೆ, ದಿನ ಖಾಲಿಯಿದೆಯೋ ಇಲ್ಲವೋ ಕೇಳದೆಯೇ ಯಾರೋ ಹಣ ಕಳಿಸಿಬಿಡುತ್ತಾರೆ, ಮರಳಿಸುವ ಕೆಲಸ ನಿಮ್ಮದಾಗುತ್ತದೆ. ದಿನ ಒಪ್ಪಿದ ಮೇಲೆ ಸಂದೇಶದಲ್ಲಿ ಕಳಿಸಿದರೆ ಸಾಕು. ಹಣ ಬಂದಿದೆಯೆಂಬುದನ್ನು ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ತೀರ್ಮಾನಿಸದೆ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಜಮಾ ಆಗಿದ್ದನ್ನು ನೋಡಿ ತೀರ್ಮಾನಿಸಿ. ಹಣ ಪಡೆಯಲು ಎಂದಿಗೂ ಪಿನ್ ಒತ್ತಬೇಕಾಗಿಲ್ಲ. ಮುಂಗಡ ಕಳಿಸುತ್ತೇನೆಂದು ಹೇಳಿ ಪಿನ್ ಒತ್ತಿಸುವವರು ಗಿರಾಕಿಗಳಲ್ಲ.

ಉಳಿದ ಹಣದ ಗಳಿಗೆಯನ್ನು "ಕೆಲಸ ಮುಗಿದ ಮೇಲೆ" ಎಂದು ಬಿಟ್ಟರೆ ರಾತ್ರಿ ಹತ್ತಕ್ಕೆ ಹಣ ಕೊಡಬೇಕಾದ ಅಣ್ಣ ಮಂಟಪದ ಕಡೆ ಹೋಗಿರುತ್ತಾನೆ, ಅಪ್ಪ ಮಲಗಿರುತ್ತಾರೆ. "ಮದುಮಗಳ ಕೈಗಳು ಮುಗಿದು, ಕಾಲುಗಳನ್ನು ಆರಂಭಿಸುವ ಮೊದಲು" ಎಂದು ಬರೆಯಿರಿ. ಆ ಹೊತ್ತಿಗೆ ಕೆಲಸದ ಅಂದ ಎಲ್ಲರಿಗೂ ಕಂಡಿರುತ್ತದೆ, ಸಂಜೆಯಾಗಿರುವುದರಿಂದ ಮನೆಯಲ್ಲಿ ಹಿರಿಯರೂ ಇರುತ್ತಾರೆ.

ಕೆಲಸ ನಿಂತಾಗಿನ ಷರತ್ತನ್ನು ಎರಡೂ ಕಡೆಯವರಿಗೆ ಬರೆಯಬೇಕು. ಹದಿನೈದು ದಿನ ಮೊದಲು ತಿಳಿಸಿದರೆ ಖಾಲಿಯಿರುವ ಬೇರೆ ದಿನಕ್ಕೆ ಒಂದು ಸಲ ಬದಲಿಸಿಕೊಳ್ಳಬಹುದು, ಬೇಡವೆಂದರೆ ಮುಂಗಡದ ಅರ್ಧ ಮರಳಿ ಸಿಗುತ್ತದೆ. ಹದಿನೈದು ದಿನದ ಒಳಗೆ ರದ್ದಾದರೆ ಮರಳಿಸುವುದಿಲ್ಲ. ನಾನೇ ಬರಲಾಗದಿದ್ದರೆ ಪೂರ್ತಿ ಹಣ ಅದೇ ದಿನ ಮರಳಿಸುತ್ತೇನೆ. ಇದಕ್ಕೊಂದು ವಿನಾಯಿತಿ ಇರಲಿ: ಮನೆಯಲ್ಲಿ ಸಾವಾಗಿ ಸೂತಕ ಬಂದು ಲಗ್ನ ಮುಂದೆ ಹೋದರೆ, ಎಷ್ಟೇ ತಡವಾಗಿ ತಿಳಿಸಿದರೂ ಮುಂಗಡ ಒಂದು ವರ್ಷದವರೆಗೆ ಜಮೆಯಲ್ಲಿರುತ್ತದೆ. ಮಣ್ಣು ಮಾಡಿ ಬಂದ ಮನೆಯವರೊಡನೆ ಹದಿನೈದು ದಿನದ ಲೆಕ್ಕ ಮಾತಾಡಲು ಯಾರ ಬಾಯಿಯೂ ಬರುವುದಿಲ್ಲ. ಬರೆದಿಟ್ಟರೆ ಮಾತಾಡುವ ಪ್ರಸಂಗವೇ ಬಾರದು.

ಒಂದು ಬುಕಿಂಗಿನ ಲೆಕ್ಕ

ನವೆಂಬರ್ 29, ಭಾನುವಾರ ಲಗ್ನ. ಮನೆ ಆಳಂದದಾಚೆ, ಬಸ್ ನಿಲ್ದಾಣದಿಂದ 48 ಕಿಲೋಮೀಟರ್. ಸುರಿಗೆ ಲಗ್ನದ ದಿನ ಬೆಳಿಗ್ಗೆ. ಮದುಮಗಳ ಕೈಕಾಲು ಮತ್ತು ಹನ್ನೆರಡು ಜನ ಹೆಣ್ಣುಮಕ್ಕಳ ಎರಡೂ ಅಂಗೈ. ಇಷ್ಟು ವಿವರ ಬಂದಿದೆ ಎಂದುಕೊಳ್ಳೋಣ.

ಲಗ್ನಕ್ಕೆ ಎರಡು ದಿನ ಮೊದಲು ಎಂದರೆ 27, ಶುಕ್ರವಾರ, ಮಧ್ಯಾಹ್ನದ ಸ್ಲಾಟ್. ಶನಿವಾರ ಬೆಳಿಗ್ಗೆ ಮೆಹಂದಿ ಉದುರಿಸಿದರೆ ಸುರಿಗೆಯ ನೀರಿಗೆ ಒಂದು ದಿನದ ಅಂತರ ಸಿಗುತ್ತದೆ. ಮದುಮಗಳಿಗೆ ಆರು ಗಂಟೆ. ಹನ್ನೆರಡು ಜನರ 24 ಅಂಗೈಗಳಿಗೆ ಸುಮಾರು ಮೂರು ಗಂಟೆ. ಒಬ್ಬರೇ ಹೋದರೆ ಒಂಬತ್ತು ಗಂಟೆಯಾಗಿ ನಡುರಾತ್ರಿ ಮುಟ್ಟುತ್ತದೆ, ಆದ್ದರಿಂದ ಸಹಾಯಕಿ ಬೇಕು; ಅವಳು ಬಂಧುಗಳ ಕೆಲಸವನ್ನು ಆರು ಗಂಟೆಯೊಳಗೆ ಮುಗಿಸುತ್ತಾಳೆ. ಮಧ್ಯಾಹ್ನ ಒಂದೂವರೆಗೆ ಹೊರಟರೆ ರಾತ್ರಿ ಹತ್ತೂವರೆಗೆ ಮನೆ. ಅಂದು ಬೆಳಗಿನ ಸ್ಲಾಟನ್ನು ನಗರದೊಳಗಿನವರಿಗೆ ಮಾತ್ರ ಕೊಡಬಹುದೆಂಬುದೂ ಇದರಿಂದ ತಿಳಿಯಿತು.

ಹಣದ ಲೆಕ್ಕದಲ್ಲಿ ಮದುಮಗಳ ಕೈಗಳಿಗೆ ₹4,500, ಕಾಲುಗಳಿಗೆ ₹1,500, ಬಂಧುಗಳ 24 ಅಂಗೈಗೆ ₹2,400. ಕೆಲಸದ ಒಟ್ಟು ₹8,400. ಅದರ ಶೇಕಡಾ 30 ಅಂದರೆ ₹2,520, ಮುಂಗಡ ₹2,500 ಎಂದಿಡೋಣ. ಕಾರಿಗೆ ₹2,200, ಗುರುವಾರ ಸಂಜೆಯೊಳಗೆ. ಉಳಿದ ₹5,900 ಶುಕ್ರವಾರ ಸಂಜೆ, ಕಾಲುಗಳನ್ನು ಆರಂಭಿಸುವ ಮೊದಲು. ಒಟ್ಟು ₹10,600. ಈ ಮೂರು ಮೊತ್ತ, ಮೂರು ಹೊತ್ತುಗಳನ್ನು ದಿನ ಖಚಿತವಾದ ಕೂಡಲೇ ಒಂದೇ ಸಂದೇಶದಲ್ಲಿ ಬರೆದು ಕಳಿಸಿ "ಒಪ್ಪಿಗೆ" ಎಂಬ ಉತ್ತರ ಪಡೆಯಿರಿ. ಹನ್ನೆರಡರ ಬದಲು ಇಪ್ಪತ್ತು ಜನ ಕೈಚಾಚಿದಾಗ, ಅದು ಆಗಿಯೇ ಆಗುತ್ತದೆ, ಹೆಚ್ಚಿನವರಿಗೆ ಹೊತ್ತಿದ್ದರೆ ಮಾತ್ರ ಅದೇ ದರದಲ್ಲಿ ಎಂಬ ಸಾಲು ಆ ಸಂದೇಶದಲ್ಲಿಯೂ ಇರಲಿ, ಪೋಸ್ಟಿನಲ್ಲಿಯೂ ಇರಲಿ.

ಪೂರ್ತಿ ಒಕ್ಕಣೆ

ಮೇಲಿನದ್ದನ್ನೆಲ್ಲ ಸೇರಿಸಿದರೆ ಬರಹ ಹೀಗಾಗುತ್ತದೆ. ಒಂದೊಂದು ವಿಷಯದ ನಡುವೆ ಖಾಲಿ ಸಾಲು ಬಿಡಿ. ಅಂಕಿಗಳನ್ನು 1, 2, 3 ಎಂದೇ ಬರೆಯಿರಿ, ನಮ್ಮ ಊರಲ್ಲಿ ಉರ್ದು, ಮರಾಠಿ, ತೆಲುಗು ಮನೆಮಾತಿನವರೂ ಓದುತ್ತಾರೆ.

ಕಲಬುರಗಿ ಮೆಹಂದಿ, ನವೆಂಬರ್. ಖಾಲಿ: 24 ಮಧ್ಯಾಹ್ನ, 26 ಬೆಳಿಗ್ಗೆ, 30 ಎರಡೂ. (ತಿದ್ದಿದ್ದು: ನವೆಂಬರ್ 10)

ಬೆಳಗಿನ ಸ್ಲಾಟ್ 8.30–12.30: ನಿಶ್ಚಿತಾರ್ಥ, ಕುಬಸ, ಗುಂಪು.
ಮಧ್ಯಾಹ್ನದ ಸ್ಲಾಟ್ 3–9: ಮದುಮಗಳು. ಲಗ್ನಕ್ಕೆ ಎರಡು ದಿನ ಮೊದಲಿನ ಸ್ಲಾಟ್ ಹಿಡಿಯಿರಿ.

ಮದುಮಗಳ ಎರಡೂ ಕೈ, ಮೊಣಕೈವರೆಗೆ, ಎರಡೂ ಬದಿ ₹4,500. ಕಾಲುಗಳು ₹1,500. ಬಂಧುಗಳಿಗೆ ಒಂದು ಕೈಯ ಒಂದು ಬದಿ, ಮಣಿಕಟ್ಟಿನವರೆಗೆ ₹100. ಹೇಳಿದ್ದಕ್ಕಿಂತ ಹೆಚ್ಚು ಜನರಾದರೆ ಹೊತ್ತಿದ್ದರೆ ಮಾತ್ರ, ಅದೇ ದರದಲ್ಲಿ.

ಪ್ರಯಾಣ (ಕೇಂದ್ರ ಬಸ್ ನಿಲ್ದಾಣದಿಂದ, ಹೋಗಿ ಬರುವುದು, ಕಾಯುವುದು ಸೇರಿ): ರಿಂಗ್ ರಸ್ತೆಯೊಳಗೆ ಇಲ್ಲ. 30 ಕಿ.ಮೀ.ವರೆಗೆ ₹1,400. 60 ಕಿ.ಮೀ.ವರೆಗೆ ₹2,200. ಅದರಾಚೆ ರಾತ್ರಿ ಉಳಿಯುವ ಏರ್ಪಾಡಿನೊಂದಿಗೆ ಮಾತನಾಡಿ ನಿಗದಿ. ಬೆಳಗಿನ ಸ್ಲಾಟಿಗೆ ಬಸ್ ಮಾರ್ಗದ ಊರಾದರೆ ವೆಚ್ಚವಿಲ್ಲ. ಮಧ್ಯಾಹ್ನದ ಸ್ಲಾಟಿಗೆ ಕಾರು ಕಡ್ಡಾಯ. ನಗರದ ಹೊರಗೆ ಮಧ್ಯಾಹ್ನದ ಸ್ಲಾಟಿಗೆ ಕೆಲಸದ ಮೊತ್ತ ಕನಿಷ್ಠ ₹5,000.

ಮುಂಗಡ: ಕೆಲಸದ ಮೊತ್ತದ ಶೇ. 30. ಕೇಳಿದ ದಿನವನ್ನು 24 ಗಂಟೆ ಹಿಡಿದಿಡುತ್ತೇವೆ; ಮುಂಗಡ ಜಮಾ ಆದ ಮೇಲೆ ದಿನ ಖಚಿತ. ಪ್ರಯಾಣ ವೆಚ್ಚ ಹಿಂದಿನ ದಿನ ಸಂಜೆಯೊಳಗೆ. ಉಳಿದ ಹಣ ಮದುಮಗಳ ಕೈಗಳು ಮುಗಿದ ಕೂಡಲೇ.

15 ದಿನ ಮೊದಲು ತಿಳಿಸಿದರೆ ಒಂದು ಸಲ ದಿನ ಬದಲಾವಣೆ, ಅಥವಾ ಮುಂಗಡದ ಅರ್ಧ ವಾಪಸ್. 15 ದಿನದೊಳಗೆ ವಾಪಸ್ ಇಲ್ಲ. ಸೂತಕದಿಂದ ಲಗ್ನ ಮುಂದೆ ಹೋದರೆ ಮುಂಗಡ ಒಂದು ವರ್ಷ ಜಮೆ. ನಾವು ಬರಲಾಗದಿದ್ದರೆ ಪೂರ್ತಿ ವಾಪಸ್, ಅದೇ ದಿನ.

ಬುಕಿಂಗಿಗೆ ಸಂದೇಶದಲ್ಲಿ ಕಳಿಸಿ: ಲಗ್ನದ ದಿನ, ಮೆಹಂದಿಯ ದಿನ, ಅರಿಷಿಣ–ಸುರಿಗೆಯ ಹೊತ್ತು, ಊರು, ಎಷ್ಟು ಜನ.

ಬರಹ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಬರುವ ಸಂದೇಶಗಳಿಂದಲೇ ತಿಳಿಯಬಹುದು. ಒಂದೇ ಪ್ರಶ್ನೆ ಮೂರು ಜನರಿಂದ ಬಂದರೆ ಆ ಉತ್ತರ ಬರಹದಲ್ಲಿಲ್ಲ, ಇದ್ದರೂ ತಡವಾಗಿ ಬರುತ್ತಿದೆ ಎಂದರ್ಥ; ಅದನ್ನು ಮೇಲಕ್ಕೆ ತನ್ನಿ.

ಈ ಒಕ್ಕಣೆ ಒಂದು ರಾತ್ರಿಗೆ ಮಾತ್ರ ಹೊಂದುವುದಿಲ್ಲ, ಅದು ರಮಜಾನಿನ ಚಾಂದ್ ರಾತ್. ತಿಂಗಳು 29ಕ್ಕೆ ಮುಗಿಯುತ್ತದೋ 30ಕ್ಕೋ ಎಂಬುದು ಚಂದ್ರ ಕಂಡ ಮೇಲೆಯೇ ಗೊತ್ತಾಗುವುದರಿಂದ ಅಂದಿನ ದಿನಾಂಕವನ್ನು ಮುಂಚಿತವಾಗಿ ಖಚಿತ ಎಂದು ಬರೆಯಲಾಗದು. ಆ ರಾತ್ರಿಗೆ ಬೇರೆಯೇ ಪೋಸ್ಟ್ ಮಾಡಿ, ಎರಡೂ ದಿನಾಂಕಗಳನ್ನು ಹಾಕಿ, ಗಂಟೆಯ ಬದಲು ಸರದಿಯ ಸಂಖ್ಯೆ ಕೊಡಿ. ಮುಂಗಡವನ್ನು ತಲಾ ₹50ರಷ್ಟು ಚಿಕ್ಕದಾಗಿಟ್ಟು, "ಚಂದ್ರ ಕಾಣದಿದ್ದರೆ ಇದೇ ಸಂಖ್ಯೆ ಮರುದಿನ ರಾತ್ರಿಗೆ ತಾನಾಗಿಯೇ ಸಲ್ಲುತ್ತದೆ, ಹೊರಗೆ ಬರುವುದಿಲ್ಲ, ಮದುಮಗಳ ವಿನ್ಯಾಸ ಇಲ್ಲ" ಎಂದು ಬರೆಯಿರಿ. ಮರುದಿನ ಮಧ್ಯಾಹ್ನದ ಸ್ಲಾಟನ್ನೂ ಆ ತಿಂಗಳ ಕ್ಯಾಲೆಂಡರಿನಲ್ಲಿ ಖಾಲಿ ಎಂದು ತೋರಿಸದೆ ಮುಚ್ಚಿಡಿ, ಏಕೆಂದರೆ ಚಂದ್ರ ಕಂಡರೆ ಅಂದು ನೀವು ನಿದ್ದೆಯಲ್ಲಿರುತ್ತೀರಿ, ಕಾಣದಿದ್ದರೆ ಇನ್ನೊಂದು ರಾತ್ರಿಗಾಗಿ ಕೋನು ತುಂಬುತ್ತಿರುತ್ತೀರಿ.